ಬ್ಯಾಟರಿ ಜೋಡಿಸುವ ಮುನ್ನ ಅಂಕಿ ಬರೆಯಿರಿ: ಮನೆಯಲ್ಲೇ ಎಲೆಕ್ಟ್ರಾನಿಕ್ಸ್ ಕಲಿಯುವ ಕ್ರಮ

"ವಿಡಿಯೊ ನೋಡಿಕೊಂಡು ಸರ್ಕ್ಯೂಟ್ ಜೋಡಿಸಿದೆ, ಎಲ್‌ಇಡಿ ಹೊತ್ತಿತು. ಆದರೆ ನಾನೇ ಸ್ವಂತವಾಗಿ ಏನಾದರೂ ಮಾಡಲು ಕೂತರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ." ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಎಲ್‌ಇಡಿ ಹೊತ್ತಿತು ಎಂದರೆ ವೈರುಗಳು ಸರಿಯಾದ ತೂತಿನಲ್ಲಿ ಕೂತಿವೆ ಎಂದಷ್ಟೇ ಅರ್ಥ. ಅಲ್ಲಿದ್ದ ರೆಸಿಸ್ಟರ್ ಯಾಕೆ 1 ಕಿಲೋ ಓಮ್ ಇತ್ತು, ಅದು 10 ಕಿಲೋ ಓಮ್ ಆಗಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಹೊತ್ತಿದ ದೀಪದಲ್ಲಿ ಉತ್ತರ ಇರುವುದಿಲ್ಲ.

ಇದಕ್ಕೆ ಒಂದು ಪದ್ಧತಿ ಇದೆ. ಬ್ಯಾಟರಿ ಜೋಡಿಸುವ ಮೊದಲೇ, ಸರ್ಕ್ಯೂಟಿನ ಪ್ರತಿಯೊಂದು ಕೂಡುಜಾಗದಲ್ಲಿ ಮೀಟರ್ ಎಷ್ಟು ವೋಲ್ಟ್ ತೋರಿಸಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಆಮೇಲೆ ಅಳೆಯುವುದು. ಎರಡೂ ಹೊಂದದಿದ್ದರೆ ಕಾರಣ ಸಿಗುವವರೆಗೆ ಮುಂದಿನ ಸರ್ಕ್ಯೂಟಿಗೆ ಹೋಗಬಾರದು. ಕೆಳಗಿನ ನಾಲ್ಕು ಹಂತಗಳನ್ನು ಊಹೆ ತಪ್ಪಲು ಸಾಕಷ್ಟು ಅವಕಾಶ ಇರುವ ಹಾಗೆಯೇ ಆರಿಸಿದ್ದೇವೆ.

ಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್. ಡಿಟಿ830ಡಿ ಎಂಬ ಅಗ್ಗದ ಮಾದರಿ ಸಾಕು, ಅದರ ಮಿತಿಯೇ ಎರಡನೇ ಹಂತದಲ್ಲಿ ನಮಗೆ ಪಾಠ ಆಗುತ್ತದೆ. ಒಂದು ಬ್ರೆಡ್‌ಬೋರ್ಡ್, ಅಂದರೆ ಬೆಸುಗೆ ಇಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ತೂತಿನ ಹಲಗೆ. ಒಂದು 9 ವೋಲ್ಟ್ ಬ್ಯಾಟರಿ ಮತ್ತು ಅದರ ತಲೆಗೆ ಒತ್ತಿ ಹಾಕುವ ಎರಡು ವೈರಿನ ಕ್ಯಾಪ್. ಒಳಗೆ ಒಂದೇ ತಂತಿ ಇರುವ ತೆಳು ವೈರ್ ಸ್ವಲ್ಪ. ಹಲವು ಎಳೆಗಳ ವೈರ್ ತೂತಿನೊಳಗೆ ಹೋಗದೆ ಬಿಚ್ಚಿಕೊಳ್ಳುತ್ತದೆ.

ಕಾಲು ವ್ಯಾಟಿನ ರೆಸಿಸ್ಟರ್‌ಗಳು 1 ಕಿಲೋ, 10 ಕಿಲೋ, 100 ಕಿಲೋ ಮತ್ತು 1 ಮೆಗಾ ಓಮ್, ತಲಾ ಐದು. ಕೆಂಪು ಎಲ್‌ಇಡಿ ಮೂರು, ನೀಲಿ ಒಂದು. ಬಿಸಿ547 ಟ್ರಾನ್ಸಿಸ್ಟರ್ ಮೂರು. ಬೆಂಗಳೂರಿನಲ್ಲಿರುವವರಿಗೆ ಎಸ್‌ಪಿ ರಸ್ತೆಯಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಬೇರೆ ಊರುಗಳಲ್ಲಿ ಟಿವಿ ರಿಪೇರಿಯವರು ಬಿಡಿಭಾಗ ಕೊಳ್ಳುವ ಅಂಗಡಿಯನ್ನು ವಿಚಾರಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ.

ಮನೆಯ 230 ವೋಲ್ಟ್ ಕರೆಂಟಿಗೆ ಈ ಅಭ್ಯಾಸದಲ್ಲಿ ಎಲ್ಲಿಯೂ ಜಾಗವಿಲ್ಲ. ಹಳೆಯ ಲ್ಯಾಪ್‌ಟಾಪ್ ಅಥವಾ ಮೊಬೈಲಿನ ಲಿಥಿಯಂ ಬ್ಯಾಟರಿಯನ್ನೂ ಬಳಸಬೇಡಿ. ಅದರ ಎರಡು ತುದಿ ತಪ್ಪಿ ತಾಗಿದರೆ ಬೆಂಕಿ ಹತ್ತುವಷ್ಟು ಕರೆಂಟ್ ಹರಿಯುತ್ತದೆ. 9 ವೋಲ್ಟಿನ ಸಣ್ಣ ಬ್ಯಾಟರಿ ಬಿಸಿಯಾಗುತ್ತದೆ, ಹಾಳಾಗುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ.

ಶುರು ಮಾಡುವ ಮುನ್ನ: ಮೀಟರ್, ಬೋರ್ಡ್, ನೋಟ್‌ಬುಕ್

ಮೀಟರಿನ ಕಪ್ಪು ವೈರ್ 'ಕಾಮ್' ಎಂದು ಗುರುತಿರುವ ತೂತಿಗೆ, ಕೆಂಪು ವೈರ್ ವೋಲ್ಟ್ ಮತ್ತು ಓಮ್ ಗುರುತಿರುವ ತೂತಿಗೆ. ಹತ್ತು ಆಂಪಿಯರ್ ಎಂದು ಬರೆದ ಮೂರನೇ ತೂತನ್ನು ಮರೆತುಬಿಡಿ. ಕೆಂಪು ವೈರ್ ಅಲ್ಲಿದ್ದಾಗ ಬ್ಯಾಟರಿಗೆ ಮುಟ್ಟಿಸಿದರೆ, ಎರಡು ತುದಿಗಳನ್ನು ನೇರವಾಗಿ ಜೋಡಿಸಿದಂತೆಯೇ. ಡಯಲನ್ನು ನೇರ ವಿದ್ಯುತ್ತಿನ, ಅಂದರೆ ಡಿಸಿಯ, 20 ವೋಲ್ಟ್ ಗುರುತಿನಲ್ಲಿಡಿ.

ಕರೆಂಟ್ ತಿಳಿಯಬೇಕಾದಾಗಲೂ ಡಯಲ್ ತಿರುಗಿಸಬೇಕಿಲ್ಲ. ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆದು ಅದರ ಓಮ್ ಬೆಲೆಯಿಂದ ಭಾಗಿಸಿ. ಓಮ್ ಅವರ ನಿಯಮ ಇಷ್ಟೇ: V = I × R. 1 ಕಿಲೋ ಓಮ್ ರೆಸಿಸ್ಟರಿನ ಮೇಲೆ 7 ವೋಲ್ಟ್ ಇದ್ದರೆ ಅದರಲ್ಲಿ 7 ಮಿಲಿಆಂಪಿಯರ್ ಹರಿಯುತ್ತಿದೆ. ಹೀಗೆ ಮಾಡಿದರೆ ಮೀಟರಿನ ಫ್ಯೂಸ್ ಸುಡುವ ಪ್ರಮೇಯವೇ ಬರುವುದಿಲ್ಲ.

ಬ್ರೆಡ್‌ಬೋರ್ಡಿನಲ್ಲಿ ಐದೈದು ತೂತುಗಳ ಒಂದೊಂದು ಸಾಲು ಒಳಗೆ ಕೂಡಿಕೊಂಡಿರುತ್ತದೆ. ನಡುವಿನ ಕಾಲುವೆಯ ಆಚೆಯ ಐದು ಬೇರೆ. ಅಂಚಿನ ಉದ್ದ ಪಟ್ಟಿಗಳು ಬ್ಯಾಟರಿಯ ಪ್ಲಸ್, ಮೈನಸ್‌ಗೆ. ಕೆಲವು ದೊಡ್ಡ ಬೋರ್ಡುಗಳಲ್ಲಿ ಈ ಪಟ್ಟಿ ಅರ್ಧದಲ್ಲೇ ತುಂಡಾಗಿರುತ್ತದೆ. ಮೇಲಿನ ಗೆರೆಯೂ ಅಲ್ಲಿ ತುಂಡಾಗಿದೆಯೇ ನೋಡಿ, ಅನುಮಾನ ಬಂದರೆ ಮೀಟರನ್ನು ಓಮ್‌ಗೆ ಇಟ್ಟು ಪಟ್ಟಿಯ ಎರಡು ತುದಿ ಮುಟ್ಟಿಸಿ. ಸೊನ್ನೆಯ ಹತ್ತಿರ ಬಂದರೆ ಪಟ್ಟಿ ಇಡಿಯಾಗಿದೆ. ಓಮ್ ಅಳೆಯುವಾಗ ಬ್ಯಾಟರಿ ಬಿಚ್ಚಿರಬೇಕು.

ನೋಟ್‌ಬುಕ್ಕಿನ ಒಂದು ಪುಟಕ್ಕೆ ಒಂದು ಸರ್ಕ್ಯೂಟ್. ಚಿತ್ರ ಬರೆದು, ಕೂಡುಜಾಗಗಳಿಗೆ ಎ, ಬಿ ಎಂದು ಹೆಸರಿಟ್ಟು, ಪ್ರತಿಯೊಂದಕ್ಕೂ ಊಹೆಯ ಅಂಕಿ ಮತ್ತು ಒಂದು ಸಾಲಿನ ಕಾರಣ ಬರೆಯಿರಿ. ಪೆನ್ನಿನಲ್ಲೇ ಬರೆಯಿರಿ, ಅಳಿಸುವಂತಿರಬಾರದು. "ಜಾಸ್ತಿ ಬರಬಹುದು" ಎಂಬುದು ಊಹೆಯಲ್ಲ, ಏಕೆಂದರೆ ಏನೇ ಬಂದರೂ ಅದು ಸರಿಯೆನಿಸುತ್ತದೆ. "4.5, ಆಚೀಚೆ 0.2" ಎಂದರೆ ಊಹೆ. ಮೀಟರಿನ ಕಪ್ಪು ಕಡ್ಡಿ ಯಾವಾಗಲೂ ಬ್ಯಾಟರಿಯ ಮೈನಸ್‌ನಲ್ಲಿ ಇರಲಿ, ಹಾಗಲ್ಲದ ಕಡೆ ಹೇಳುತ್ತೇವೆ.

ಹಂತ 1: ಎರಡು ರೆಸಿಸ್ಟರ್

ಮೊದಲು ಬ್ಯಾಟರಿಯೊಂದನ್ನೇ ಅಳೆಯಿರಿ. ಹೊಸದಾದರೆ 9ಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸಬಹುದು. ಕೆಳಗಿನ ಲೆಕ್ಕವೆಲ್ಲ 9 ವೋಲ್ಟಿಗೆ ಇದೆ. ನೀವು ನಿಮ್ಮ ಅಂಕಿಯನ್ನು ಹಾಕಿಕೊಳ್ಳಿ.

ಎರಡು 10 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದು ಬರುವಂತೆ ಪ್ಲಸ್‌ನಿಂದ ಮೈನಸ್‌ವರೆಗೆ ಜೋಡಿಸಿ. ನಡುವಿನ ಕೂಡುಜಾಗ ಎ. ಒಟ್ಟು 20 ಕಿಲೋ ಓಮ್, ಕರೆಂಟ್ 0.45 ಮಿಲಿಆಂಪಿಯರ್, ಆದ್ದರಿಂದ ಎ ಬಳಿ 4.5 ವೋಲ್ಟ್. ಚಿನ್ನದ ಬಣ್ಣದ ಪಟ್ಟಿ ಇರುವ ರೆಸಿಸ್ಟರ್ ಬರೆದ ಬೆಲೆಗಿಂತ ನೂರಕ್ಕೆ 5ರಷ್ಟು ಹೆಚ್ಚು ಕಡಿಮೆ ಇರಬಹುದು. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿದಿದ್ದರೆ 4.3ರಿಂದ 4.7ರವರೆಗೆ ಏನು ಬಂದರೂ ಸರಿಯೇ. ಅದರಾಚೆ ಬಂದರೆ ಏನೋ ತಪ್ಪಿದೆ.

ತಪ್ಪಿದ್ದರೆ ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸಬೇಡಿ. ಹಾಗೆ ಮಾಡಿದರೆ ತಪ್ಪು ಮಾಯವಾಗುತ್ತದೆ, ಕಾರಣವೂ ಅದರ ಜೊತೆ ಹೋಗುತ್ತದೆ. ಮೊದಲು ಒಂದೊಂದು ರೆಸಿಸ್ಟರಿನ ಮೇಲಿನ ವೋಲ್ಟೇಜನ್ನು ಬೇರೆ ಬೇರೆ ಅಳೆದು ಕೂಡಿಸಿ, ಬ್ಯಾಟರಿಯ ವೋಲ್ಟೇಜ್ ಬರಬೇಕು. ಬಂದರೆ ಜೋಡಣೆ ಸರಿ, ರೆಸಿಸ್ಟರಿನ ಬೆಲೆ ಬೇರೆ ಎಂದರ್ಥ. ಕಂದು-ಕಪ್ಪು-ಕೆಂಪು 1 ಕಿಲೋ, ಕಂದು-ಕಪ್ಪು-ಕಿತ್ತಳೆ 10 ಕಿಲೋ. ಹಳದಿ ಬೆಳಕಿನಲ್ಲಿ ಈ ಕೆಂಪು, ಕಿತ್ತಳೆ ಒಂದೇ ಥರ ಕಾಣುತ್ತವೆ. ರೆಸಿಸ್ಟರನ್ನು ಹೊರತೆಗೆದು ಮೀಟರಿನಲ್ಲಿ ಅಳೆಯುವುದೇ ಖಾತ್ರಿ. ಮೊತ್ತವೇ ಬರದಿದ್ದರೆ ಯಾವುದೋ ಕಾಲು ಒಂದು ಸಾಲು ಆಚೆ ಕೂತಿದೆ.

ಈಗ ಕೆಳಗಿನ, ಅಂದರೆ ಮೈನಸ್ ಕಡೆಯ ರೆಸಿಸ್ಟರನ್ನು ಕಿತ್ತರೆ ಎ ಬಳಿ ಎಷ್ಟು ಇರಬೇಕು? ಉತ್ತರ ಬರೆದ ಮೇಲೆ ಮುಂದೆ ಓದಿ.

ಬಹಳ ಜನ ಸೊನ್ನೆ ಎಂದು ಬರೆಯುತ್ತಾರೆ. ದಾರಿ ತುಂಡಾಯಿತು, ಕರೆಂಟಿಲ್ಲ, ಆದ್ದರಿಂದ ವೋಲ್ಟೇಜೂ ಇಲ್ಲ ಎಂಬ ತರ್ಕ. ಮೀಟರ್ ತೋರಿಸುವುದು ಸುಮಾರು 8.9. ಕರೆಂಟ್ ಹರಿಯದಿದ್ದರೆ ಮೇಲಿನ ರೆಸಿಸ್ಟರಿನ ಮೇಲೆ ವೋಲ್ಟೇಜ್ ಬೀಳುವುದೇ ಇಲ್ಲ, ಏಕೆಂದರೆ I ಸೊನ್ನೆಯಾದರೆ I × R ಕೂಡ ಸೊನ್ನೆ. ಆಗ ಎ ನೇರವಾಗಿ ಪ್ಲಸ್‌ನ ವೋಲ್ಟೇಜಿನಲ್ಲೇ ಇರುತ್ತದೆ. ದಾರಿ ತುಂಡಾದ ಜಾಗದ ಎರಡು ಕಡೆಗಳ ನಡುವೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ ಎಂಬುದು ಮುಂದೆ ಕೆಟ್ಟ ಸರ್ಕ್ಯೂಟುಗಳಲ್ಲಿ ತುಂಡು ಹುಡುಕಲು ಎಲ್ಲಕ್ಕಿಂತ ಹೆಚ್ಚು ನೆರವಾಗುತ್ತದೆ.

ಹಂತ 2: ಎ ಬಳಿಯಿಂದ ಕರೆಂಟ್ ತೆಗೆದರೆ

ಕಿತ್ತ ರೆಸಿಸ್ಟರನ್ನು ಮತ್ತೆ ಹಾಕಿ. ಎ ಬಳಿ 4.5 ವೋಲ್ಟ್ ಇದೆಯಲ್ಲ, ಅದನ್ನೇ ಒಂದು ಪುಟ್ಟ 4.5 ವೋಲ್ಟ್ ಬ್ಯಾಟರಿಯಂತೆ ಬಳಸಬಹುದು ಎನಿಸುವುದು ಸಹಜ. ಎ ಮತ್ತು ಮೈನಸ್ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಜೋಡಿಸಿದರೆ ಎ ಎಷ್ಟಕ್ಕೆ ಇಳಿಯುತ್ತದೆ, ಬರೆಯಿರಿ.

ಕೆಳಗಿನ 10 ಕಿಲೋಗೆ 1 ಕಿಲೋ ಪಕ್ಕಪಕ್ಕದಲ್ಲಿ ಸೇರಿದಾಗ ಎರಡೂ ಸೇರಿ ಸುಮಾರು 909 ಓಮ್ ಆಗುತ್ತವೆ: 10 × 1 ÷ 11 = 0.909 ಕಿಲೋ. ಈಗ ಮೇಲೆ 10 ಕಿಲೋ, ಕೆಳಗೆ 0.909 ಕಿಲೋ. ಎ ಬಳಿ 9 × 0.909 ÷ 10.909, ಅಂದರೆ 0.75 ವೋಲ್ಟ್. ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿ ಮೋಟಾರ್ ಓಡಿಸಲು ಹೋದವರಿಗೆ ಅದು ತಿರುಗದೇ ಇರುವುದು ಇದರಿಂದಲೇ. ಎ ಬಳಿಯಿಂದ ತೆಗೆಯುವ ಕರೆಂಟ್, ಆ ಎರಡು ರೆಸಿಸ್ಟರಿನಲ್ಲಿ ಮೊದಲೇ ಹರಿಯುತ್ತಿರುವುದಕ್ಕಿಂತ ಬಹಳ ಕಡಿಮೆ, ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಇದ್ದರೆ ಮಾತ್ರ 4.5ರ ಆಸುಪಾಸು ಉಳಿಯುತ್ತದೆ.

ಇನ್ನು ನಿಜವಾದ ಪರೀಕ್ಷೆ. ಎಲ್ಲ ತೆಗೆದು, 10 ಕಿಲೋಗಳ ಜಾಗದಲ್ಲಿ ಎರಡು 1 ಮೆಗಾ ಓಮ್ ಹಾಕಿ, ಬಣ್ಣ ಕಂದು-ಕಪ್ಪು-ಹಸಿರು. ಎರಡೂ ಸಮ, ಆದ್ದರಿಂದ ಮತ್ತೆ 4.5 ಎಂದು ಬರೆಯುತ್ತೀರಿ. ಅಗ್ಗದ ಮೀಟರ್ 3 ವೋಲ್ಟ್ ತೋರಿಸುತ್ತದೆ. ಮೇಲಿನ ರೆಸಿಸ್ಟರಿನ ಮೇಲೆ ಅಳೆದರೂ 3 ವೋಲ್ಟ್. ಎರಡನ್ನೂ ಕೂಡಿಸಿದರೆ 6, ಬ್ಯಾಟರಿಯನ್ನು ಅಳೆದರೆ 9. ಮೂರು ವೋಲ್ಟ್ ಎಲ್ಲಿಗೆ ಹೋಯಿತು?

ರೆಸಿಸ್ಟರ್ ಕೆಟ್ಟಿಲ್ಲ, ಮೀಟರೂ ಕೆಟ್ಟಿಲ್ಲ. ವೋಲ್ಟ್ ಅಳೆಯುವಾಗ ಮೀಟರ್ ತಾನೇ ಒಂದು ರೆಸಿಸ್ಟರ್. ಈ ಅಗ್ಗದ ಮಾದರಿಯಲ್ಲಿ ಅದರ ಬೆಲೆ 1 ಮೆಗಾ ಓಮ್. ಕೆಳಗಿನ 1 ಮೆಗಾಗೆ ಮುಟ್ಟಿಸಿದ ಕ್ಷಣ ಅದು ಅರ್ಧ ಮೆಗಾ ಆಗುತ್ತದೆ, ಮೇಲೆ ಒಂದು, ಕೆಳಗೆ ಅರ್ಧ, ಆದ್ದರಿಂದ ಕೆಳಗೆ ಮೂರನೇ ಒಂದು ಪಾಲು. ಕಡ್ಡಿ ತೆಗೆದೊಡನೆ ಅಲ್ಲಿ 4.5 ವೋಲ್ಟೇ ಇರುತ್ತದೆ. ಅಳತೆಯೇ ಸರ್ಕ್ಯೂಟನ್ನು ಬದಲಿಸಿತು. ನಿಮ್ಮ ಮೀಟರ್ 3ರ ಬದಲು 4.3ರ ಹತ್ತಿರ ತೋರಿಸಿದರೆ ಅದರೊಳಗೆ 10 ಮೆಗಾ ಓಮ್ ಇದೆ ಎಂದಾಯಿತು. ಒಂದನೇ ಹಂತದಲ್ಲಿ ಪೂರ್ತಿ 9ರ ಬದಲು 8.9 ಬಂದದ್ದೂ ಇದೇ ಕಾರಣಕ್ಕೆ. ಮೀಟರಿನ ಈ ಬೆಲೆಯನ್ನು ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ದೊಡ್ಡದಾಗಿ ಬರೆದಿಡಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 3: ಎಲ್‌ಇಡಿ ರೆಸಿಸ್ಟರ್ ಅಲ್ಲ

ಪ್ಲಸ್‌ನಿಂದ 1 ಕಿಲೋ ಓಮ್, ಅಲ್ಲಿಂದ ಕೆಂಪು ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಮೈನಸ್‌ಗೆ. ರೆಸಿಸ್ಟರ್ ಇಲ್ಲದೆ ಎಲ್‌ಇಡಿಯನ್ನು ಬ್ಯಾಟರಿಗೆ ಮುಟ್ಟಿಸಬೇಡಿ, ಒಂದು ಕ್ಷಣವೂ ಬೇಡ. ತಿರುವುಮುರುವಾಗಿಯೂ ಹಾಕಬೇಡಿ: ಸಾಮಾನ್ಯ ಎಲ್‌ಇಡಿಗಳು ಹಿಮ್ಮುಖವಾಗಿ 5 ವೋಲ್ಟಿನವರೆಗೆ ಮಾತ್ರ ತಡೆಯುತ್ತವೆ ಎಂದು ತಯಾರಕರು ಹೇಳುತ್ತಾರೆ, ನಮ್ಮದು 9.

ಕೆಂಪು ಎಲ್‌ಇಡಿ ಹೊತ್ತಿದಾಗ ಅದರ ಮೇಲೆ ಸುಮಾರು 2 ವೋಲ್ಟ್ ಇರುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಉಳಿದ 7 ವೋಲ್ಟ್ ರೆಸಿಸ್ಟರಿನ ಮೇಲೆ, ಕರೆಂಟ್ 7 ಮಿಲಿಆಂಪಿಯರ್. ಅಳೆದರೆ ಎಲ್‌ಇಡಿಯ ಮೇಲೆ 1.8ರಿಂದ 2ರ ನಡುವೆ ಬರುತ್ತದೆ. ಇದು ಸುಲಭ.

ಈಗ 1 ಕಿಲೋ ತೆಗೆದು 10 ಕಿಲೋ ಹಾಕಿದರೆ ಎಲ್‌ಇಡಿಯ ಮೇಲೆ ಎಷ್ಟು? ಎಲ್‌ಇಡಿಯನ್ನೂ ರೆಸಿಸ್ಟರ್ ಎಂದು ಭಾವಿಸಿದವರು ಹೀಗೆ ಲೆಕ್ಕ ಹಾಕುತ್ತಾರೆ: 2 ವೋಲ್ಟಿಗೆ 7 ಮಿಲಿಆಂಪಿಯರ್ ಎಂದರೆ ಅದು ಸುಮಾರು 286 ಓಮ್, 10 ಕಿಲೋ ಜೊತೆಗೆ ಅದಕ್ಕೆ ಸಿಗುವುದು ಕಾಲು ವೋಲ್ಟ್, ಹೊತ್ತುವುದೇ ಇಲ್ಲ. ಜೋಡಿಸಿ ನೋಡಿ. ಬೆಳಕು ಕುಗ್ಗುತ್ತದೆ, ಆದರೆ ಹೊತ್ತಿಯೇ ಇರುತ್ತದೆ, ವೋಲ್ಟೇಜ್ 2ರಿಂದ 1.8ರ ಆಸುಪಾಸಿಗೆ ಇಳಿಯುತ್ತದೆ ಅಷ್ಟೇ. ಕರೆಂಟ್ ಹತ್ತನೇ ಒಂದಾಯಿತು, ವೋಲ್ಟೇಜ್ ಹೆಚ್ಚು ಕಡಿಮೆ ಅಲ್ಲೇ ನಿಂತಿತು. ಆದ್ದರಿಂದಲೇ ಎಲ್‌ಇಡಿಯ ಲೆಕ್ಕವನ್ನು ಓಮ್‌ನಿಂದ ಶುರು ಮಾಡುವುದಿಲ್ಲ. ಅದರ ವೋಲ್ಟೇಜನ್ನು ಮೊದಲು ಕಳೆದು, ಉಳಿದದ್ದನ್ನು ರೆಸಿಸ್ಟರಿಗೆ ಬಿಡುತ್ತೇವೆ.

ಇದು ಅರ್ಥವಾಗಿದೆಯೇ ಎಂದು ತಿಳಿಯಲು 1 ಕಿಲೋವನ್ನೇ ಮತ್ತೆ ಹಾಕಿ, ಕೆಂಪು ಎಲ್‌ಇಡಿಯ ಪಕ್ಕದಲ್ಲೇ ಅದೇ ಎರಡು ಸಾಲುಗಳಿಗೆ ನೀಲಿ ಎಲ್‌ಇಡಿ ಚುಚ್ಚಿ. ಯಾವುದು ಹೊತ್ತುತ್ತದೆ? ನೀಲಿ ಎಲ್‌ಇಡಿ ಚೆನ್ನಾಗಿ ಹೊತ್ತಲು ಸುಮಾರು 3 ವೋಲ್ಟ್ ಬೇಕು, ಕೆಂಪು ಅಲ್ಲಿನ ವೋಲ್ಟೇಜನ್ನು 2ರ ಬಳಿ ಹಿಡಿದುಬಿಟ್ಟಿದೆ. ನೀಲಿ ಹೊತ್ತುವುದಿಲ್ಲ. ಕೆಂಪನ್ನು ಕಿತ್ತ ಕ್ಷಣ ನೀಲಿ ಹೊತ್ತಿಕೊಳ್ಳುತ್ತದೆ.

ಒಂದು ಸಣ್ಣ ಪ್ರಶ್ನೆ ಬಿಟ್ಟುಹೋಗದಿರಲಿ: ರೆಸಿಸ್ಟರನ್ನು ಎಲ್‌ಇಡಿಯ ಮೈನಸ್ ಕಡೆಗೆ ಸರಿಸಿದರೆ ಬೆಳಕು ಬದಲಾಗುತ್ತದೆಯೇ? ಬದಲಾಗುವುದಿಲ್ಲ. ಒಂದೇ ದಾರಿಯಲ್ಲಿ ಎಲ್ಲೆಡೆ ಹರಿಯುವ ಕರೆಂಟ್ ಒಂದೇ, ಎಲ್‌ಇಡಿ ಅದನ್ನು 'ತಿಂದು' ಕಡಿಮೆ ಮಾಡುವುದಿಲ್ಲ.

ಹಂತ 4: ಟ್ರಾನ್ಸಿಸ್ಟರ್

ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇಸ್‌ಗೆ ಹೋಗುವ ಸಣ್ಣ ಕರೆಂಟ್, ಕಲೆಕ್ಟರ್‌ನಿಂದ ಎಮಿಟರ್‌ಗೆ ಅದರ ನೂರಾರು ಪಟ್ಟು ಕರೆಂಟ್ ಹರಿಯಲು ಬಿಡುತ್ತದೆ. ಎಷ್ಟು ಪಟ್ಟು ಎಂಬುದಕ್ಕೆ ಗೇನ್ ಎನ್ನುತ್ತಾರೆ. ಒಂದೇ ಹೆಸರಿನ ಎರಡು ಟ್ರಾನ್ಸಿಸ್ಟರ್‌ಗಳಲ್ಲಿ ಇದು ಬಹಳ ವ್ಯತ್ಯಾಸವಾಗುವುದರಿಂದ, ನಿಮ್ಮ ಕೈಯಲ್ಲಿರುವುದನ್ನೇ ಮೀಟರಿನ ಟ್ರಾನ್ಸಿಸ್ಟರ್ ಸಾಕೆಟ್ಟಿನಲ್ಲಿ, ಎನ್‌ಪಿಎನ್ ಕಡೆ, ಅಳೆದು ಬರೆದುಕೊಳ್ಳಿ. ಇಲ್ಲಿ 250 ಎಂದಿಟ್ಟುಕೊಳ್ಳೋಣ.

ಪ್ಲಸ್‌ನಿಂದ 1 ಕಿಲೋ, ಕೆಂಪು ಎಲ್‌ಇಡಿ, ಕಲೆಕ್ಟರ್, ಎಮಿಟರ್ ಮೈನಸ್‌ಗೆ. ಪ್ಲಸ್‌ನಿಂದ 1 ಮೆಗಾ ಓಮ್ ಮೂಲಕ ಬೇಸ್. ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.7 ವೋಲ್ಟ್ ಇರುತ್ತದೆ, ಆದ್ದರಿಂದ ಬೇಸ್ ಕರೆಂಟ್ 8.3 ವೋಲ್ಟ್ ÷ 1 ಮೆಗಾ ಓಮ್, ಅಂದರೆ 8.3 ಮೈಕ್ರೊಆಂಪಿಯರ್. ಇದರ 250 ಪಟ್ಟು ಸುಮಾರು 2.1 ಮಿಲಿಆಂಪಿಯರ್. 1 ಕಿಲೋ ಮೇಲೆ 2.1 ವೋಲ್ಟ್, ಎಲ್‌ಇಡಿಗೆ 1.9, ಕಲೆಕ್ಟರಿನಲ್ಲಿ ಉಳಿಯುವುದು 5 ವೋಲ್ಟ್. ಅಳೆಯಿರಿ. 4.5ರಿಂದ 5.5ರೊಳಗೆ ಬಂದರೆ ಚೆನ್ನಾಗಿಯೇ ಊಹಿಸಿದ್ದೀರಿ.

ಎಲ್‌ಇಡಿ ಹೊತ್ತದಿದ್ದರೆ ಬೇಸ್ ಅಳೆಯಿರಿ. 4.5 ವೋಲ್ಟ್ ತೋರಿಸಿದರೆ ಟ್ರಾನ್ಸಿಸ್ಟರಿನ ಬೇಸ್ ಆ ಸಾಲಿನಲ್ಲಿ ಇಲ್ಲ, ಅಥವಾ ಎಮಿಟರ್ ಮೈನಸ್‌ಗೆ ತಾಗಿಲ್ಲ. ಮೀಟರಿನ 1 ಮೆಗಾ ಮತ್ತು ನಿಮ್ಮ 1 ಮೆಗಾ ಸೇರಿ ಬ್ಯಾಟರಿಯನ್ನು ಅರ್ಧ ಮಾಡಿವೆ. ಸೊನ್ನೆ ತೋರಿಸಿದರೆ 1 ಮೆಗಾ ಎಲ್ಲೋ ಬಿಟ್ಟುಕೊಂಡಿದೆ, ಇಲ್ಲವೇ ಬೇಸ್ ಮೈನಸ್‌ಗೆ ತಾಗುತ್ತಿದೆ. 0.6, 0.7 ಇದ್ದೂ ಹೊತ್ತದಿದ್ದರೆ ಕಲೆಕ್ಟರ್, ಎಮಿಟರ್ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು.

ಈಗ 1 ಮೆಗಾ ಬದಲು 100 ಕಿಲೋ. ಬೇಸ್ ಕರೆಂಟ್ 83 ಮೈಕ್ರೊಆಂಪಿಯರ್, 250 ಪಟ್ಟು ಎಂದರೆ ಸುಮಾರು 21 ಮಿಲಿಆಂಪಿಯರ್. 1 ಕಿಲೋ ಮೇಲೆ 21 ವೋಲ್ಟ್ ಬೀಳಬೇಕು. ಬ್ಯಾಟರಿ ಇರುವುದೇ 9! ಲೆಕ್ಕ ಹೀಗೆ ಅಸಾಧ್ಯಕ್ಕೆ ಬಂದಾಗ, ಟ್ರಾನ್ಸಿಸ್ಟರ್ ತನ್ನಿಂದಾದಷ್ಟು ತೆರೆದುಕೊಂಡಿದೆ ಎಂದು ತಿಳಿಯಬೇಕು. ಇದನ್ನು ಸ್ಯಾಚುರೇಶನ್ ಎನ್ನುತ್ತಾರೆ. ಆಗ ಕರೆಂಟನ್ನು ತೀರ್ಮಾನಿಸುವುದು ಗೇನ್ ಅಲ್ಲ, 1 ಕಿಲೋ ರೆಸಿಸ್ಟರ್: ಸುಮಾರು 7 ಮಿಲಿಆಂಪಿಯರ್, ಕಲೆಕ್ಟರಿನಲ್ಲಿ 0.2ಕ್ಕಿಂತ ಕಡಿಮೆ. ಬೇಸ್‌ಗೆ 10 ಕಿಲೋ ಹಾಕಿ ಕರೆಂಟನ್ನು ಮತ್ತೆ ಹತ್ತು ಪಟ್ಟು ಮಾಡಿದರೆ ಬೆಳಕು ಎಷ್ಟು ಹೆಚ್ಚುತ್ತದೆ ಎಂದು ಬರೆದು ನೋಡಿ. ಕಣ್ಣಿಗೆ ಕಾಣುವಷ್ಟು ಹೆಚ್ಚುವುದಿಲ್ಲ. ಟ್ರಾನ್ಸಿಸ್ಟರನ್ನು ಸ್ವಿಚ್ಚಿನಂತೆ ಬಳಸುವವರು ಬೇಸ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟ್ ಕೊಡುವುದು ಇದಕ್ಕೇ. ಗೇನ್ 150 ಇರಲಿ, 400 ಇರಲಿ, ಫಲಿತಾಂಶ ಒಂದೇ.

ಕೊನೆಗೆ 1 ಮೆಗಾವನ್ನು ಮತ್ತೆ ಬೇಸ್‌ಗೆ ಹಾಕಿ, ಎಲ್‌ಇಡಿಯ ಮೇಲೆ ಕಣ್ಣಿಟ್ಟು, ಮೀಟರಿನ ಎರಡು ಕಡ್ಡಿಗಳನ್ನು ಆ 1 ಮೆಗಾ ರೆಸಿಸ್ಟರಿನ ಎರಡು ತುದಿಗೆ ಮುಟ್ಟಿಸಿ. ಮೀಟರ್ ಎಷ್ಟು ತೋರಿಸುತ್ತದೆ, ಎಲ್‌ಇಡಿಗೆ ಏನಾಗುತ್ತದೆ ಎಂದು ಮುಟ್ಟಿಸುವ ಮೊದಲೇ ಬರೆಯಿರಿ. ಓದುವಿಕೆ 8.3ರ ಹತ್ತಿರವೇ ಬರುತ್ತದೆ, ಏಕೆಂದರೆ ಬೇಸ್ ತನ್ನ 0.7 ವೋಲ್ಟನ್ನು ಬಿಟ್ಟುಕೊಡುವುದಿಲ್ಲ. ಆದರೆ ಕಡ್ಡಿ ಮುಟ್ಟಿದಷ್ಟು ಹೊತ್ತು ಎಲ್‌ಇಡಿ ಪ್ರಖರವಾಗುತ್ತದೆ: ಮೀಟರಿನೊಳಗಿನ 1 ಮೆಗಾ ಬೇಸ್‌ಗೆ ಎರಡನೇ ದಾರಿಯಾಗಿ, ಬೇಸ್ ಕರೆಂಟ್ 16.6 ಮೈಕ್ರೊಆಂಪಿಯರಿಗೂ ಎಲ್‌ಇಡಿಯ ಕರೆಂಟ್ ಸುಮಾರು 4.2 ಮಿಲಿಆಂಪಿಯರಿಗೂ ಏರಿರುತ್ತದೆ. 10 ಮೆಗಾ ಓಮ್ ಮೀಟರ್ ಇರುವವರಿಗೆ ಈ ವ್ಯತ್ಯಾಸ ನೂರಕ್ಕೆ ಹತ್ತರಷ್ಟೇ, ಕಣ್ಣಿಗೆ ತಿಳಿಯುವುದು ಕಷ್ಟ. ಅವರು ಕಡ್ಡಿಗಳ ಬದಲು ಇನ್ನೊಂದು 1 ಮೆಗಾ ರೆಸಿಸ್ಟರನ್ನು ಅದೇ ಜಾಗಕ್ಕೆ ಚುಚ್ಚಿ, ಕಲೆಕ್ಟರಿನ ವೋಲ್ಟೇಜ್ 5ರಿಂದ ಎಷ್ಟಕ್ಕೆ ಇಳಿಯಬೇಕೆಂದು ಮೊದಲು ಲೆಕ್ಕ ಹಾಕಿ ಅಳೆಯಬಹುದು.